ಪಟ್ಟಿ ಇಮ್ಮಡಿಯಾದರೆ ಕಾಯುವ ಹೊತ್ತು ಎಷ್ಟಾಗುತ್ತದೆ?

‘ಜಿಟಿಎ ಆನ್‌ಲೈನ್’ ಎಂಬ ಕಂಪ್ಯೂಟರ್ ಆಟ ಬಂದದ್ದು 2013ರಲ್ಲಿ. ಅದು ತೆರೆದುಕೊಳ್ಳಲು ನಿಮಿಷಗಟ್ಟಲೆ ಹೊತ್ತು ತೆಗೆದುಕೊಳ್ಳುತ್ತದೆ ಎಂಬ ದೂರು ವರ್ಷಗಟ್ಟಲೆ ಹಾಗೇ ಉಳಿದಿತ್ತು. ಇಂಥ ಕಡೆ ನಾವು ಮೊದಲು ಬೈಯುವುದು ಇಂಟರ್ನೆಟ್ಟನ್ನು, ಆಮೇಲೆ ನಮ್ಮದೇ ಹಳೇ ಯಂತ್ರವನ್ನು. 2021ರಲ್ಲಿ ಒಬ್ಬ ಆಟಗಾರ ಹಾಗೆ ಬೈದು ಸುಮ್ಮನಾಗಲಿಲ್ಲ. ತನ್ನ ಯಂತ್ರದಲ್ಲಿ ಆಟ ತೆರೆದುಕೊಳ್ಳುವ ಆ ಆರು ನಿಮಿಷಗಳಲ್ಲಿ ಪ್ರೋಗ್ರಾಂ ಒಳಗೆ ಏನು ನಡೆಯುತ್ತಿದೆ ಎಂದು ಇಣುಕಿ ನೋಡಿದ. ಅಲ್ಲಿ ಸಿಕ್ಕ ಎರಡು ಕಾರಣಗಳಲ್ಲಿ ಒಂದು, ಪಟ್ಟಿಯಲ್ಲಿ ಹುಡುಕುವ ತೀರಾ ಸಾಮಾನ್ಯ ಕೆಲಸ.

ಆಟದೊಳಗೆ ಕೊಳ್ಳಬಹುದಾದ ಸಾಮಾನುಗಳ ಒಂದು ಪಟ್ಟಿ ಇತ್ತು, ಸುಮಾರು 63,000 ಸಾಮಾನುಗಳದ್ದು. ಆಟ ಶುರುವಾಗುವಾಗ ಪ್ರೋಗ್ರಾಂ ಅವನ್ನು ಒಂದೊಂದಾಗಿ ಓದಿ ನೆನಪಿನಲ್ಲಿ ಇಡುತ್ತಿತ್ತು. ಇಡುವ ಮುಂಚೆ, ಇದು ಆಗಲೇ ಬಂದಿದೆಯೇ ಎಂದು ಅಲ್ಲಿಯವರೆಗಿನ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತಿತ್ತು. ಎಚ್ಚರಿಕೆ ಒಳ್ಳೆಯದೇ. ಆದರೆ ಅದರ ಲೆಕ್ಕ ಹಾಕಿ ನೋಡೋಣ.

ಮೊದಲ ಸಾಮಾನಿಗೆ ಹೋಲಿಸಲು ಏನೂ ಇಲ್ಲ. ಎರಡನೆಯದಕ್ಕೆ ಒಂದು ಹೋಲಿಕೆ, ಮೂರನೆಯದಕ್ಕೆ ಎರಡು. ಹೀಗೇ ಹೋಗಿ ಕೊನೆಯ ಸಾಮಾನಿಗೆ 62,999. ಇವನ್ನೆಲ್ಲ ಕೂಡಿದರೆ ಸುಮಾರು 198 ಕೋಟಿ ಹೋಲಿಕೆಗಳು. ಒಂದೇ ಒಂದು ಸಾಮಾನನ್ನು ಹುಡುಕುವುದಿದ್ದರೆ ಹೆಚ್ಚೆಂದರೆ 63,000 ಹೋಲಿಕೆ ಆಗುತ್ತಿತ್ತು. ಕಂಪ್ಯೂಟರಿಗೆ ಅದು ರೆಪ್ಪೆ ಬಡಿಯುವಷ್ಟೂ ಹೊತ್ತಲ್ಲ. ಅದೇ ಹುಡುಕಾಟವನ್ನು ಪ್ರತಿ ಸಾಮಾನಿಗೂ ಹೊಸದಾಗಿ ನಡೆಸಿದ್ದರಿಂದ ಲೆಕ್ಕ ಕೋಟಿಗಳಿಗೆ ಏರಿತು.

ಈ ಎರಡು ಬಗೆಯ ಏರಿಕೆಯನ್ನು ಚುಟುಕಾಗಿ ಬರೆದಿಡುವ ಕ್ರಮವೇ ಬಿಗ್ ಓ. ಪಟ್ಟಿಯಲ್ಲಿ n ಸಾಮಾನುಗಳಿವೆ ಎಂದಿಟ್ಟುಕೊಳ್ಳಿ. ಮೊದಲಿನಿಂದ ಕೊನೆಯವರೆಗೆ ಒಂದು ಸಲ ಹುಡುಕುವ ಕೆಲಸ O(n): ಪಟ್ಟಿ ಇಮ್ಮಡಿಯಾದರೆ ಕೆಲಸವೂ ಇಮ್ಮಡಿ. ಪ್ರತಿ ಸಾಮಾನಿಗೂ ಮತ್ತೆ ಪಟ್ಟಿಯನ್ನೆಲ್ಲ ಹುಡುಕುವ ಕೆಲಸ O(n²): ಪಟ್ಟಿ ಇಮ್ಮಡಿಯಾದರೆ ಕೆಲಸ ನಾಲ್ಕು ಪಟ್ಟು. ಸಾವಿರ ಸಾಮಾನಿನ ಪಟ್ಟಿಗೆ ಈ ಎರಡನೆಯ ವಿಧಾನದಲ್ಲಿ ಐದು ಲಕ್ಷ ಹೋಲಿಕೆ ಸಾಕು, ಯಾರಿಗೂ ತಿಳಿಯುವುದೇ ಇಲ್ಲ. 63,000ಕ್ಕೆ 198 ಕೋಟಿ. ಅದು 1,26,000 ಆದರೆ ಸುಮಾರು 794 ಕೋಟಿ. ಪ್ರೋಗ್ರಾಂ ಬರೆದ ದಿನ ಚಿಕ್ಕ ಪಟ್ಟಿಯಲ್ಲಿ ಓಡಿಸಿ ನೋಡಿದವರಿಗೆ ತಪ್ಪು ಕಾಣದಿರುವುದು ಈ ಕಾರಣಕ್ಕೇ. ಪಟ್ಟಿ ಬೆಳೆದ ಮೇಲಷ್ಟೇ ಅದು ಹೊರಬೀಳುತ್ತದೆ.

ನಿಖರವಾಗಿ ಎಣಿಸುವವರು ಇಲ್ಲಿ ಆಕ್ಷೇಪಿಸಬಹುದು. ಹೋಲಿಕೆಗಳ ಸರಿಯಾದ ಸಂಖ್ಯೆ n² ಅಲ್ಲ, n²/2 − n/2. ನಿಜ. ಬಿಗ್ ಓ ಬೇಕೆಂದೇ ಇಷ್ಟನ್ನು ಕೈಬಿಡುತ್ತದೆ. ನಮ್ಮ ಉದಾಹರಣೆಯಲ್ಲಿ n/2 ಎಂದರೆ 31,500. 198 ಕೋಟಿಯ ಎದುರು ಅದು ಲೆಕ್ಕಕ್ಕೇ ಬರುವುದಿಲ್ಲ. ಇನ್ನು ಆ ಅರ್ಧ ಎಂಬ ಗುಣಕ. ಎರಡು ಪಟ್ಟು ವೇಗದ ಕಂಪ್ಯೂಟರ್ ತಂದರೆ ಅಂಥ ಅರ್ಧ ಹಾಗೇ ಸಿಗುತ್ತದೆ, ನಿಧಾನದ್ದು ತಂದರೆ ಹೋಗುತ್ತದೆ. ಯಂತ್ರ ಬದಲಾದರೂ ಬದಲಾಗದೆ ಉಳಿಯುವುದು ಬೆಳೆಯುವ ರೀತಿ ಮಾತ್ರ, ಬಿಗ್ ಓ ಹಿಡಿಯುವುದು ಅದನ್ನೇ. ಅಂದಹಾಗೆ ಈ ಬರವಣಿಗೆಯ ಕ್ರಮ ಕಂಪ್ಯೂಟರಿಗಿಂತ ಹಳೆಯದು. ಜರ್ಮನಿಯ ಪಾಲ್ ಬಾಕ್‌ಮನ್ 1894ರಲ್ಲಿ ಸಂಖ್ಯಾಸಿದ್ಧಾಂತದ ಪುಸ್ತಕವೊಂದರಲ್ಲಿ ಇದನ್ನು ಬಳಸಿದರು.

ಹಾಗಾದರೆ ಪಟ್ಟಿಯಲ್ಲಿ ಹುಡುಕಲು ಬೇರೆ ದಾರಿ ಇಲ್ಲವೇ? ಇದೆ, ಆದರೆ ಪಟ್ಟಿ ಅನುಕ್ರಮವಾಗಿ ಜೋಡಿಸಿರಬೇಕು. ನಿಘಂಟಿನಲ್ಲಿ ಪದ ಹುಡುಕುವವರು ಮೊದಲ ಪುಟದಿಂದ ಓದುತ್ತಾ ಬರುವುದಿಲ್ಲವಲ್ಲ, ಹಾಗೆ. ನೇರ ನಟ್ಟನಡುವಿನ ಸಾಮಾನನ್ನು ನೋಡುವುದು. ನಮಗೆ ಬೇಕಾದದ್ದು ಅದಕ್ಕಿಂತ ಮುಂಚೆ ಬರುವಂಥದ್ದಾದರೆ ಕೊನೆಯ ಅರ್ಧ ಬೇಡ, ಆಮೇಲೆ ಬರುವಂಥದ್ದಾದರೆ ಮೊದಲ ಅರ್ಧ ಬೇಡ. ಉಳಿದ ಅರ್ಧದಲ್ಲಿ ಮತ್ತೆ ಅದೇ ಕೆಲಸ. 63,000 ಮೊದಲು 31,500 ಆಗುತ್ತದೆ, ಆಮೇಲೆ 15,750, ಮತ್ತೆ 7,875. ಹೆಚ್ಚೆಂದರೆ 16 ಸಲ ನೋಡುವಷ್ಟರಲ್ಲಿ ಸಾಮಾನು ಸಿಗುತ್ತದೆ, ಇಲ್ಲವೇ ಪಟ್ಟಿಯಲ್ಲಿ ಅದು ಇಲ್ಲವೆಂದು ಖಚಿತವಾಗುತ್ತದೆ. ಇದು ಬೈನರಿ ಸರ್ಚ್. ಇದರ ಏರಿಕೆ O(log n), ಅಂದರೆ ಪಟ್ಟಿ ಇಮ್ಮಡಿಯಾದರೆ ಕೆಲಸ ಇಮ್ಮಡಿಯಾಗುವುದಿಲ್ಲ, ಒಂದೇ ಒಂದು ಹೆಜ್ಜೆ ಹೆಚ್ಚುತ್ತದೆ. ಹತ್ತು ಲಕ್ಷಕ್ಕೆ 20 ಹೆಜ್ಜೆ, ನೂರು ಕೋಟಿಗೆ 30.

ಈ 30ರ ಬಲ ಎಂಥದ್ದು ನೋಡಿ. ಸೆಕೆಂಡಿಗೆ ಹತ್ತು ಕೋಟಿ ಹೋಲಿಕೆ ಮಾಡುವ ಹೊಸ ಯಂತ್ರ ನೂರು ಕೋಟಿಯ ಪಟ್ಟಿಯನ್ನು ಮೊದಲಿನಿಂದ ನೋಡುತ್ತಾ ಹೋದರೆ ಹತ್ತು ಸೆಕೆಂಡು ಬೇಕಾಗಬಹುದು. ಸೆಕೆಂಡಿಗೆ ಬರೀ ಸಾವಿರ ಹೋಲಿಕೆ ಮಾಡುವ ಯಂತ್ರ ಬೈನರಿ ಸರ್ಚ್ ಬಳಸಿದರೆ 0.03 ಸೆಕೆಂಡಿನಲ್ಲಿ ಮುಗಿಸುತ್ತದೆ.

ಆದರೆ ಜೋಡಿಸುವ ಕೆಲಸ ಪುಕ್ಕಟೆ ಬರುವುದಿಲ್ಲ. ಚೆಲ್ಲಾಪಿಲ್ಲಿಯಾದ ಪಟ್ಟಿಯನ್ನು ಜೋಡಿಸುವುದಕ್ಕೆ ಒಂದು ಸಲ ಪೂರ್ತಿ ಹುಡುಕುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಹುಡುಕುವುದು ಒಂದೇ ಸಲವಾದರೆ ಜೋಡಿಸಲು ಹೋಗುವುದು ದಡ್ಡತನ. ಆಟದ ಪಟ್ಟಿಯಂತೆ ಒಂದೊಂದೇ ಸಾಮಾನು ಬಂದು ಸೇರುತ್ತಿದ್ದರೆ, ನಡುವೆ ಜಾಗ ಮಾಡಲು ಉಳಿದವನ್ನೆಲ್ಲ ಸರಿಸಬೇಕು. ಆ ಸರಿಸುವಿಕೆ ಮತ್ತೆ O(n). ಅದಕ್ಕಾಗಿ ಇಂಥ ಕಡೆ ಪ್ರೋಗ್ರಾಮರುಗಳು ಹ್ಯಾಶ್ ಟೇಬಲ್ ಬಳಸುತ್ತಾರೆ. ಸಾಮಾನಿನ ಗುರುತಿನಿಂದಲೇ ಅದು ಇರಬೇಕಾದ ಜಾಗವನ್ನು ಲೆಕ್ಕ ಹಾಕಿ ನೇರ ಅಲ್ಲಿಗೇ ಹೋಗುವ ವ್ಯವಸ್ಥೆ ಅದು. ಪಟ್ಟಿ ಎಷ್ಟೇ ಬೆಳೆದರೂ ಹುಡುಕುವ ಹೊತ್ತು ಸರಾಸರಿಯಲ್ಲಿ ಅಷ್ಟೇ ಇರುತ್ತದೆ; ಅದನ್ನು O(1) ಎಂದು ಬರೆಯುತ್ತಾರೆ.

ಆ ಆಟಗಾರನಿಗೆ ಅದೂ ಬೇಕಾಗಲಿಲ್ಲ. ಪಟ್ಟಿಯಲ್ಲಿ ಎರಡು ಸಲ ಬಂದ ಸಾಮಾನೇ ಇರಲಿಲ್ಲವಾದ್ದರಿಂದ ತಪಾಸಣೆಯನ್ನೇ ತೆಗೆದುಹಾಕಿದ. ಎರಡನೆಯ ಕಾರಣವೂ ಇದೇ ಜಾತಿಯದು: ಹತ್ತು ಮೆಗಾಬೈಟಿನ ಕಡತದಿಂದ ಒಂದೊಂದು ತುಣುಕು ಓದುವಾಗಲೂ ಉಳಿದ ಅಷ್ಟೂ ಪಠ್ಯದ ಉದ್ದವನ್ನು ಪ್ರೋಗ್ರಾಂ ಹೊಸದಾಗಿ ಅಳೆಯುತ್ತಿತ್ತು. ಎರಡನ್ನೂ ಸರಿಪಡಿಸಿದಾಗ ಆರು ನಿಮಿಷ ಎರಡು ನಿಮಿಷದ ಒಳಕ್ಕೆ ಇಳಿಯಿತು. ಆಟದ ಕಂಪನಿ ರಾಕ್‌ಸ್ಟಾರ್ ಅದನ್ನು ಒಪ್ಪಿ ಮುಂದಿನ ತಿಂಗಳೇ ತಿದ್ದುಪಡಿ ಬಿಡುಗಡೆ ಮಾಡಿತು, ಆತನಿಗೆ 10,000 ಡಾಲರ್ ಬಹುಮಾನವನ್ನೂ ಕೊಟ್ಟಿತು.

ಈ ತಪ್ಪು ದೊಡ್ಡ ಕಂಪನಿಗಳಿಗೆ ಮೀಸಲಲ್ಲ. ಪೈಥಾನ್ ಕಲಿಯುವವರು ಬರೆಯುವ ಈ ಸಾಲುಗಳಲ್ಲೂ ಅದು ಅಡಗಿದೆ:

```
seen = []
for x in items:
    if x not in seen:
        seen.append(x)
```

ನೋಡಲು ಒಂದೇ ಸುತ್ತು. ಆದರೆ `not in` ಎಂಬಲ್ಲಿ ಪಟ್ಟಿಯ ಇನ್ನೊಂದು ಪೂರ್ತಿ ಹುಡುಕಾಟ ಕೂತಿದೆ. ಹೆಚ್ಚಿನ ಸಾಮಾನುಗಳು ಬೇರೆಬೇರೆಯಾಗಿದ್ದರೆ ಇದು O(n²). ಮೊದಲ ಸಾಲನ್ನು `seen = set()` ಎಂದೂ `append` ಅನ್ನು `add` ಎಂದೂ ಬದಲಿಸಿದರೆ ಹ್ಯಾಶ್ ಟೇಬಲ್ ಕೆಲಸಕ್ಕೆ ಇಳಿಯುತ್ತದೆ, ಒಟ್ಟು ಕೆಲಸ O(n) ಆಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಹತ್ತಿಪ್ಪತ್ತು ಹೆಸರುಗಳ ಪಟ್ಟಿಗೆ ಇದಾವುದೂ ಬೇಡ. ಅಷ್ಟು ಚಿಕ್ಕದರಲ್ಲಿ ಮೊದಲಿನಿಂದ ನೋಡುತ್ತಾ ಹೋಗುವುದೇ ಎಷ್ಟೋ ಸಲ ಬೇಗ ಮುಗಿಯುತ್ತದೆ. ಬಿಗ್ ಓ ಕೈಬಿಟ್ಟ ಗುಣಕಗಳು ಅಲ್ಲಿ ಮತ್ತೆ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಪ್ರೋಗ್ರಾಂ ಯಾವ ಜಾತಿಯದು ಎಂಬ ಅನುಮಾನ ಬಂದರೆ 10,000 ಸಾಮಾನುಗಳಿಗೆ ಓಡಿಸಿ ಹೊತ್ತು ಬರೆದುಕೊಳ್ಳಿ, ಆಮೇಲೆ 20,000ಕ್ಕೆ, ಮತ್ತೆ 40,000ಕ್ಕೆ. ಪ್ರತಿ ಸಲವೂ ಹೊತ್ತು ಹೆಚ್ಚುಕಡಿಮೆ ಇಮ್ಮಡಿಯಾಗುತ್ತಿದ್ದರೆ ಚಿಂತೆಯಿಲ್ಲ. ನಾಲ್ಕು ಪಟ್ಟಾಗುತ್ತಿದ್ದರೆ ಹೊಸ ಕಂಪ್ಯೂಟರ್ ಕೊಳ್ಳುವ ಮುಂಚೆ ಸುತ್ತಿನೊಳಗೆ ಅವಿತಿರುವ ಹುಡುಕಾಟವನ್ನು ಹುಡುಕಿ.