ದಪ್ಪ ಪ್ಲೇಟಿನ ಬೆಸುಗೆಗೆ ಮುನ್ನ ಅಂಚಿನ ಸಿದ್ಧತೆ

12 ಮಿಲಿಮೀಟರ್ ದಪ್ಪದ ಎರಡು ಉಕ್ಕಿನ ಪ್ಲೇಟುಗಳನ್ನು ನೇರ ಅಂಚಿಗೆ ಅಂಚು ತಾಗಿಸಿ ಒಂದೇ ಬದಿಯಿಂದ ಕೈಯಲ್ಲಿ ವೆಲ್ಡ್ ಮಾಡಿದರೆ, ಮೇಲೆ ಎಷ್ಟೇ ಅಂದದ ಬೆಸುಗೆ ಕಂಡರೂ ಒಳಗೆ ಅರ್ಧಕ್ಕಿಂತ ಹೆಚ್ಚು ದಪ್ಪ ಬೆಸೆಯದೆ ಉಳಿದಿರುತ್ತದೆ. ಆರ್ಕಿನ ಶಾಖ ಉಕ್ಕನ್ನು ಕರಗಿಸುವುದು ಕೆಲವೇ ಮಿಲಿಮೀಟರ್ ಆಳಕ್ಕೆ. ಅದರ ಕೆಳಗೆ ಕೂಡದೆ ಉಳಿದ ಗೆರೆ ಬಿರುಕಿನಂತೆಯೇ ವರ್ತಿಸುತ್ತದೆ. ಎಳೆತ ಬಿದ್ದಾಗ ಜೋಡಣೆ ಒಡೆಯಲು ತೊಡಗುವುದು ಅಲ್ಲಿಂದಲೇ. ಆದ್ದರಿಂದ ವೆಲ್ಡಿಂಗ್ ರಾಡು ತಳದವರೆಗೆ ಇಳಿಯುವಂತೆ ಅಂಚುಗಳನ್ನು ಓರೆಯಾಗಿ ಕತ್ತರಿಸಬೇಕಾಗುತ್ತದೆ.

ಪ್ರತಿ ಅಂಚಿಗೆ 30 ಡಿಗ್ರಿ ಓರೆ ಕೊಟ್ಟರೆ ಎರಡೂ ಸೇರಿ 60 ಡಿಗ್ರಿಯ 'ವಿ' ಆಕಾರದ ಕಣಿವೆಯಾಗುತ್ತದೆ. ಗ್ಯಾಸ್ ಕಟಿಂಗ್‌ನಲ್ಲಿ ಓರೆ ತೆಗೆದರೆ ಅಂಚಿನ ಮೇಲೆ ಕಪ್ಪು ಪದರ ನಿಲ್ಲುತ್ತದೆ. ಅದನ್ನು ಗ್ರೈಂಡರಿನಿಂದ ಹೊಳೆಯುವ ಉಕ್ಕು ಕಾಣುವವರೆಗೆ ತೆಗೆದು, ಜೋಡಣೆಯ ಎರಡೂ ಕಡೆ ಸುಮಾರು 25 ಮಿಲಿಮೀಟರ್ ಅಗಲ ತುಕ್ಕು, ಎಣ್ಣೆ, ಬಣ್ಣ ಇಲ್ಲದಂತೆ ಮಾಡಬೇಕು. ಇವು ಉಳಿದರೆ ಬೆಸುಗೆಯಲ್ಲಿ ಗಾಳಿಗುಳ್ಳೆಗಳು ಸೇರಿಕೊಳ್ಳುತ್ತವೆ.

ಓರೆಯನ್ನು ಕತ್ತಿಯ ಅಲಗಿನಷ್ಟು ಚೂಪಾಗಿಸಬಾರದು. ಚೂಪು ತುದಿ ಆರ್ಕ್ ತಾಗುತ್ತಲೇ ಕರಗಿ ತೂತಾಗುತ್ತದೆ. ತಳದಲ್ಲಿ 1.5ರಿಂದ 2 ಮಿಲಿಮೀಟರ್ ಎತ್ತರದ ನೇರ ಮುಖವನ್ನು ಉಳಿಸುತ್ತಾರೆ. ಇದು ರೂಟ್ ಫೇಸ್. ಎರಡು ರೂಟ್ ಫೇಸುಗಳ ನಡುವೆ ಬಿಡುವ ಸುಮಾರು 3 ಮಿಲಿಮೀಟರ್ ಸಂದು ರೂಟ್ ಗ್ಯಾಪ್. ಇಡೀ ಜೋಡಣೆಯ ಅದೃಷ್ಟ ಹೆಚ್ಚಾಗಿ ನಿಂತಿರುವುದು ಈ ಸಂದಿನ ಮೇಲೆ. ಕಡಿಮೆಯಾದರೆ ಬೆಸುಗೆ ಹಿಂಬದಿಗೆ ಮುಟ್ಟುವುದಿಲ್ಲ, ಹೆಚ್ಚಾದರೆ ಕರಗಿದ ಲೋಹ ಕೆಳಗೆ ಸೋರುತ್ತದೆ.

ಸಂದನ್ನು ಅಳೆದು ಇಟ್ಟರಷ್ಟೇ ಸಾಲದು, ಅದು ಕದಲದಂತೆ ಹಿಡಿದಿಡಬೇಕು. ಬೆಸುಗೆ ತಣಿಯುತ್ತ ಕುಗ್ಗುವುದರಿಂದ ಮುಂದಿನ ಸಂದು ಮುಚ್ಚಿಕೊಳ್ಳುತ್ತ ಹೋಗುತ್ತದೆ. ಅದಕ್ಕೇ ಲೇಪ ಉದುರಿಸಿದ ವೆಲ್ಡಿಂಗ್ ರಾಡಿನ ತಂತಿಯನ್ನು ನಡುವೆ ಇಟ್ಟು, ಎರಡೂ ಕೊನೆಗಳಲ್ಲಿ ಗಟ್ಟಿ ಟ್ಯಾಕ್ ಹಾಕಿ, ಆಮೇಲೆ ತಂತಿಯನ್ನು ತೆಗೆಯುತ್ತಾರೆ. ವೆಲ್ಡ್ ಕೊನೆಗೊಳ್ಳುವ ತುದಿಯಲ್ಲಿ ಸಂದನ್ನು ತುಸು ಹೆಚ್ಚಾಗಿಯೇ ಬಿಡುವುದುಂಟು. ಪ್ಲೇಟುಗಳ ತಳ ಒಂದೇ ಮಟ್ಟದಲ್ಲಿರುವುದೂ ಮುಖ್ಯ, ಏರುಪೇರಾದರೆ ಒಂದು ಅಂಚು ಕರಗದೆ ಉಳಿಯುತ್ತದೆ. 'ವಿ' ಮೇಲ್ಗಡೆ ಅಗಲವಾಗಿರುವುದರಿಂದ ಕುಗ್ಗುವಿಕೆಯೂ ಅಲ್ಲೇ ಹೆಚ್ಚು, ಪ್ಲೇಟುಗಳು ಮೇಲಕ್ಕೆ ಏಳುತ್ತವೆ. ಅನುಭವಿಗಳು ಮೊದಲೇ ಎರಡು-ಮೂರು ಡಿಗ್ರಿ ಎದುರು ದಿಕ್ಕಿಗೆ ಬಾಗಿಸಿ ಟ್ಯಾಕ್ ಹಾಕುತ್ತಾರೆ.

ಮೊದಲ ಸುತ್ತಿನಲ್ಲಿ ಆರ್ಕಿನ ಮುಂದೆ ಕೀಲಿಕಿಂಡಿಯಂಥ ಪುಟ್ಟ ತೂತು ಕಾಣುತ್ತ ಸಾಗಿದರೆ ಎರಡೂ ಅಂಚು ಕರಗುತ್ತಿವೆ ಎಂದರ್ಥ. ಮುಗಿದ ಮೇಲೆ ಹಿಂಬದಿಯಲ್ಲಿ ಕಡಿಯದ ಸಣ್ಣ ಉಬ್ಬು ಇರಬೇಕು. ಅಲ್ಲಿ ಮೂಲ ಅಂಚಿನ ಗೆರೆ ಹಾಗೆಯೇ ಕಂಡರೆ ತಳ ಬೆಸೆದಿಲ್ಲ. ಆಗ ಹಿಂದಿನಿಂದ ಗ್ರೈಂಡರಿನಲ್ಲಿ ಒಳ್ಳೆಯ ಲೋಹ ಸಿಗುವವರೆಗೆ ಕೊರೆದು ಮತ್ತೆ ತುಂಬಬೇಕು.

20 ಮಿಲಿಮೀಟರ್ ದಾಟಿದ ಪ್ಲೇಟಿಗೆ ಒಂದೇ ಬದಿಯ 'ವಿ' ದುಬಾರಿ. ದಪ್ಪ ಇಮ್ಮಡಿಯಾದರೆ ಆ ತ್ರಿಕೋನ ತುಂಬಲು ಬೇಕಾದ ಲೋಹ ಸುಮಾರು ನಾಲ್ಕು ಪಟ್ಟಾಗುತ್ತದೆ. ಎರಡೂ ಬದಿಯಿಂದ ಓರೆ ತೆಗೆದರೆ ಅದು ಅರ್ಧಕ್ಕಿಳಿಯುತ್ತದೆ, ಬದಿ ಬದಲಿಸುತ್ತ ವೆಲ್ಡ್ ಮಾಡಿದರೆ ಬಾಗುವುದೂ ಕಡಿಮೆ. ಆದರೆ ಪ್ಲೇಟನ್ನು ಮಗುಚಲು ಅಥವಾ ಹಿಂಬದಿಗೆ ಕೈ ಮುಟ್ಟಲು ಸಾಧ್ಯವಿರುವಲ್ಲಿ ಮಾತ್ರ ಇದು ನಡೆಯುತ್ತದೆ.