ಅಂಗಾಲು ಸುಟ್ಟದ್ದು ಅಕ್ಕನಿಗೇ ಗೊತ್ತಾಗಲಿಲ್ಲ

ಹೋದ ವರ್ಷ ಮೇ ತಿಂಗಳ ಹುಣ್ಣಿಮೆಗೆ ಅಫಜಲಪುರದ ನಮ್ಮಕ್ಕ ಗಾಣಗಾಪುರಕ್ಕೆ ಹೋಗಿದ್ದಳು. ದತ್ತಾತ್ರೇಯನ ಗುಡಿಯಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುವುದು ಅವಳ ಹಳೇ ರೂಢಿ. ನಮ್ಮ ಕಡೆಯ ಮೇ ತಿಂಗಳ ಬಿಸಿಲು ಹೇಗಿರುತ್ತದೆ ಅಂತ ಕಲಬುರಗಿ ಸೀಮೆಯವರಿಗೆ ಹೇಳಬೇಕಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ಕೂತಾಗ ಮೊಮ್ಮಗ ಬಂದು, 'ಅಜ್ಜಿ, ನೀ ನಡದ ಕಡಿಗೆಲ್ಲ ಹಸಿ ಆಗ್ಯಾದ ನೋಡು' ಅಂದನಂತೆ. ಕಾಲು ಎತ್ತಿ ನೋಡಿದರೆ ಎರಡೂ ಅಂಗಾಲಿನಲ್ಲಿ ರೂಪಾಯಿ ಅಗಲದ ಬೊಬ್ಬೆ. ಒಂದು ಒಡೆದು ನೀರು ಸೋರುತ್ತಿತ್ತು. ನೋವು? 'ಏನೂ ಇಲ್ಲವ್ವ ತಂಗಿ, ಖರೇ ಹೇಳ್ತೀನಿ, ನಂಗ ತಿಳಿಯಲೇ ಇಲ್ಲ' ಅಂತ ಫೋನಿನಲ್ಲಿ ಹೇಳಿದಳು.

ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ನನ್ನದು ಆಳಂದದಲ್ಲಿ ಮೆಡಿಕಲ್ ಅಂಗಡಿ. ಡಿ.ಫಾರ್ಮಾ ಮಾಡಿ ಇಪ್ಪತ್ತು ವರ್ಷದಿಂದ ಗಲ್ಲೆಯ ಹಿಂದೆ ನಿಂತವಳು ನಾನು. ಅಕ್ಕನ ಸಕ್ಕರೆ ಬ್ಯಾನಿಯ ಗುಳಿಗೆ ಪ್ರತಿ ತಿಂಗಳೂ ನನ್ನ ಅಂಗಡಿಯಿಂದಲೇ ಬಸ್ಸಿನಲ್ಲಿ ಹೋಗುತ್ತಿತ್ತು. ಬೆಳಿಗ್ಗೆ ಒಂದು, ರಾತ್ರಿ ಒಂದು, ಮೆಟ್‌ಫಾರ್ಮಿನ್ ಸಾವಿರ ಮಿಲಿಗ್ರಾಂ. ಹನ್ನೊಂದು ವರ್ಷದಿಂದ ಅದೇ. ಎರಡು ವರ್ಷದ ಹಿಂದೆ 'ಕಾಲು ಜುಂ ಅಂತಾವ, ಹತ್ತಿ ಮ್ಯಾಲ ನಡದಂಗ ಅನಸ್ತದ' ಅಂದಾಗ ನಾನೇ ಜೊತೆಗೆ ಒಂದು ಪಟ್ಟಿ ಬಿ-ಕಾಂಪ್ಲೆಕ್ಸ್ ಇಟ್ಟು ಕಳಿಸಿದ್ದೆ. 'ಶುಗರ್ ಇದ್ದವರಿಗೆ ಹಂಗ ಆಗ್ತದ ಅಕ್ಕ' ಅಂದು ಸುಮ್ಮನಾಗಿದ್ದೆ. ಆ ಮಾತು ಈಗಲೂ ಚುಚ್ಚುತ್ತದೆ.

ಕಲಬುರಗಿಗೆ ಕರೆದುಕೊಂಡು ಹೋದೆ. ವೈದ್ಯರು ಮೊದಲು ಮೀನಿನ ಗಾಳದ ದಾರದಂಥ ಒಂದು ಎಳೆಯಿಂದ ಪಾದವನ್ನು ಹತ್ತಾರು ಕಡೆ ಒತ್ತಿ, 'ಮುಟ್ಟಿದ್ದು ಗೊತ್ತಾಗ್ತದೇನ್ರಿ?' ಅಂತ ಕೇಳಿದರು. ಆಮೇಲೆ ಕವಲಿನ ಆಕಾರದ ಉಕ್ಕಿನ ಕಡ್ಡಿಯನ್ನು ಬಡಿದು, ಅದು ನಡುಗುತ್ತಿರುವಾಗಲೇ ಕಾಲಿನ ಹೆಬ್ಬೆರಳ ಮೇಲಿಟ್ಟರು. ಅಕ್ಕನಿಗೆ ಏನೂ ತಿಳಿಯಲಿಲ್ಲ. ಕೀಲಿನ ಗಂಟಿಗೆ ಇಟ್ಟರು, ಇಲ್ಲ. ಮೊಣಕಾಲಿಗೆ ಇಟ್ಟಾಗ 'ಹೂಂ, ಈಗ ಝುಮ್ ಅಂತು' ಅಂದಳು. ಕೊನೆಗೆ ಅವರು ಕೇಳಿದ ಪ್ರಶ್ನೆ ನನಗೆ ಹೊಸದು: 'ಜಳಕ ಮಾಡುವಾಗ ಕಣ್ಣು ಮುಚ್ಚಿದರ ಜೋಲಿ ಹೊಡಿತದೇನ್ರಿ?' ಅಕ್ಕ ಬೆರಗಾಗಿ ನನ್ನ ಮುಖ ನೋಡಿದಳು. ತಲೆಗೆ ನೀರು ಹಾಕಿಕೊಳ್ಳುವಾಗ ಗೋಡೆ ಹಿಡಿಯುವುದು, ರಾತ್ರಿ ಕರೆಂಟ್ ಹೋದಾಗ ತಡವರಿಸುವುದು ಅವಳಿಗೆ ಒಂದು ವರ್ಷದಿಂದ ಇತ್ತಂತೆ. ವಯಸ್ಸಾಯಿತು ಅಂದುಕೊಂಡಿದ್ದಳು. ಅವಳಿಗೆ ಐವತ್ತೆಂಟು.

ನಮ್ಮ ಪಾದ ನೆಲದ ಮೇಲೆ ಎಲ್ಲಿದೆ, ಹೇಗಿದೆ ಎಂಬ ಸುದ್ದಿಯನ್ನು ಬೆನ್ನುಹುರಿಯ ಹಿಂಭಾಗದ ನರಗಳು ಮಿದುಳಿಗೆ ಒಯ್ಯುತ್ತವೆ. ಬಿ-12 ವಿಟಮಿನ್ ಕಡಿಮೆಯಾದರೆ ಆ ನರಗಳ ಮೇಲಿನ ಹೊದಿಕೆ ಹಾಳಾಗುತ್ತದೆ. ಬೆಳಕಿದ್ದಾಗ ಕಣ್ಣು ಆ ಕೊರತೆ ತುಂಬಿಕೊಡುತ್ತದೆ, ಕಣ್ಣು ಮುಚ್ಚಿದರೆ ಬೀಳುವಂತಾಗುತ್ತದೆ. ಬರೀ ಸಕ್ಕರೆಯಿಂದ ಬರುವ ಜೋಮಿನಲ್ಲೂ ಪಾದ ಮರಗಟ್ಟುತ್ತದೆ, ಉರಿಯುತ್ತದೆ, ಸಮತೋಲನವೂ ಕೆಡಬಹುದು. ಆದ್ದರಿಂದ ಲಕ್ಷಣ ನೋಡಿ ಎರಡನ್ನೂ ಖಚಿತವಾಗಿ ಬೇರೆ ಮಾಡಲಾಗುವುದಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಜೋರಾದ ಜೋಮು, ಕೈಗೂ ಬೇಗ ಬಂದ ಜೋಮು, ನಾಲಿಗೆ ನುಣುಪಾಗಿ ಖಾರ ತಾಗದಂತಾಗುವುದು, ವಿಪರೀತ ದಣಿವು, ಮರೆವು ಇವು ಜೊತೆಗಿದ್ದರೆ ಬಿ-12ರ ಮೇಲೆ ಅನುಮಾನ ಹೆಚ್ಚು.

ಇದಕ್ಕೂ ಮೆಟ್‌ಫಾರ್ಮಿನ್‌ಗೂ ಏನು ಸಂಬಂಧ? ಊಟದಲ್ಲಿನ ಬಿ-12 ಹೊಟ್ಟೆಯಲ್ಲಿ ಒಂದು ವಾಹಕ ಪ್ರೋಟೀನಿನ ಜೊತೆ ಸೇರಿ ಸಣ್ಣಕರುಳಿನ ಕೊನೆಯ ತುದಿಯವರೆಗೆ ಹೋಗಿ, ಅಲ್ಲಿ ರಕ್ತಕ್ಕೆ ಇಳಿಯುತ್ತದೆ. ಮೆಟ್‌ಫಾರ್ಮಿನ್ ಈ ಇಳಿಯುವಿಕೆಯನ್ನು ಕುಗ್ಗಿಸುತ್ತದೆ. ಆದರೆ ನಮ್ಮ ಪಿತ್ತಜನಕಾಂಗದಲ್ಲಿ ಕೆಲವು ವರ್ಷಕ್ಕಾಗುವಷ್ಟು ಬಿ-12 ಕೂಡಿಟ್ಟಿರುತ್ತದೆ. ಹಾಗಾಗಿ ಗುಳಿಗೆ ಶುರುಮಾಡಿದ ಮೊದಲಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ನಾಲ್ಕೈದು ವರ್ಷ ದಾಟಿದ ಮೇಲೆ, ಅದರಲ್ಲೂ ದಿನಕ್ಕೆ 1500–2000 ಮಿಲಿಗ್ರಾಂ ತೆಗೆದುಕೊಳ್ಳುವವರಲ್ಲಿ, ಕಣಜ ಬರಿದಾಗಬಹುದು. ನೆದರ್ಲ್ಯಾಂಡ್ಸ್‌ನಲ್ಲಿ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೆಟ್‌ಫಾರ್ಮಿನ್ ತೆಗೆದುಕೊಂಡವರ ಬಿ-12 ಮಟ್ಟ ಉಳಿದವರಿಗಿಂತ ಶೇ 19ರಷ್ಟು ತಗ್ಗಿತ್ತು. 2022ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಹತ್ತರಲ್ಲಿ ಒಬ್ಬರವರೆಗೆ ಕಾಣಬಹುದಾದ ಸಾಮಾನ್ಯ ಅಡ್ಡಪರಿಣಾಮ ಎಂದೇ ಸೇರಿಸಿತು.

ನಮ್ಮ ಕಡೆ ಕಣಜ ತುಂಬುವುದೇ ಕಷ್ಟ. ಜೋಳದ ರೊಟ್ಟಿ, ತೊಗರಿಬ್ಯಾಳಿ, ಶೇಂಗಾ ಹಿಂಡಿ, ಪುಂಡಿಪಲ್ಯ ಎಲ್ಲ ಒಳ್ಳೆಯ ಊಟವೇ. ಆದರೆ ಇವುಗಳಲ್ಲಿ ಬಿ-12 ಇಲ್ಲ. ಅದು ಬರುವುದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಿಂದ. ಅಕ್ಕ ಮೊಟ್ಟೆ ಮುಟ್ಟುವವಳಲ್ಲ. ಹಾಲು ಅಂದರೆ ದಿನಕ್ಕೆ ಎರಡು ಸಲ ಚಹಾದಲ್ಲಿ ಬೀಳುವಷ್ಟು. ಒಬ್ಬರಿಗೆ ದಿನಕ್ಕೆ ಬೇಕಾದ್ದು ಸುಮಾರು 2 ಮೈಕ್ರೋಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ ಸಿಗುವುದು ಸುಮಾರು 1. ಜೊತೆಗೆ 'ಗ್ಯಾಸ್ ಗುಳಿಗಿ' ಅಂತ ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಕೂಡ ಬಿ-12 ಕುಗ್ಗಿಸುತ್ತವೆ. ಅಕ್ಕ ಅದನ್ನೂ ತೆಗೆದುಕೊಳ್ಳುತ್ತಿದ್ದಳು.

ರಕ್ತದ ವರದಿ ಬಂತು. ಬಿ-12 ಪ್ರತಿ ಮಿಲಿಲೀಟರಿಗೆ 168 ಪಿಕೋಗ್ರಾಂ. 200ಕ್ಕಿಂತ ಕಡಿಮೆ ಇದ್ದರೆ ಕೊರತೆ, 200ರಿಂದ 300ರ ನಡುವೆ ಅನುಮಾನದ ಜಾಗ ಎಂದು ಹಿಡಿಯುತ್ತಾರೆ. ಹಿಮೋಗ್ಲೋಬಿನ್ ಮಾತ್ರ 11.9 ಇತ್ತು, ಕೆಂಪು ರಕ್ತಕಣದ ಗಾತ್ರವೂ ಸರಿಯಾಗಿತ್ತು. 'ರಕ್ತ ಚಲೋ ಅದ, ಅಂದ್ರ ವಿಟಮಿನ್ ಹ್ಯಾಂಗ ಕಮ್ಮಿ?' ಅಂತ ನಾನೇ ಕೇಳಿದೆ. ನರಕ್ಕೆ ಏಟು ಬಿದ್ದು ರಕ್ತ ಚೆನ್ನಾಗಿಯೇ ಇರುವುದು ಸಾಧ್ಯ ಅಂದರು ವೈದ್ಯರು. ಬಿ-12 ಕೊರತೆಯಲ್ಲಿ ರಕ್ತಕಣ ದಪ್ಪವಾಗುತ್ತದೆ, ಕಬ್ಬಿಣಾಂಶದ ಕೊರತೆಯಲ್ಲಿ ಸಣ್ಣದಾಗುತ್ತದೆ, ಎರಡೂ ಇದ್ದರೆ ಗಾತ್ರ 'ನಾರ್ಮಲ್' ಕಾಣುತ್ತದೆ. ಬರೀ ಫೋಲಿಕ್ ಆಸಿಡ್ ಗುಳಿಗೆ ನುಂಗುತ್ತಿದ್ದರಂತೂ ರಕ್ತ ಸುಧಾರಿಸಿ, ನರ ಒಳಗೊಳಗೇ ಕೆಡುತ್ತಾ ಹೋಗಬಹುದು. ಆದ್ದರಿಂದ ಹಿಮೋಗ್ಲೋಬಿನ್ ನೋಡಿ ನಿಶ್ಚಿಂತರಾಗಬೇಡಿ, ಬಿ-12 ಅನ್ನೇ ಅಳೆಸಿ. ಅನುಮಾನದ ಜಾಗದಲ್ಲಿ ಬಂದರೆ ಹೋಮೋಸಿಸ್ಟೀನ್ ಅಥವಾ ಮಿಥೈಲ್‌ಮಲೋನಿಕ್ ಆಸಿಡ್ ಪರೀಕ್ಷೆ ಮಾಡಿಸುತ್ತಾರೆ. ಬಿ-12 ಸಾಲದಿದ್ದರೆ ಇವು ಏರುತ್ತವೆ. ಕಿಡ್ನಿ ತೊಂದರೆ ಇದ್ದವರಲ್ಲೂ ಏರುವುದರಿಂದ ಅದನ್ನು ವೈದ್ಯರೇ ತೂಗಿ ನೋಡಬೇಕು.

ಹಾಗಾದರೆ ನಾನು ಕಳಿಸಿದ ಬಿ-ಕಾಂಪ್ಲೆಕ್ಸ್ ಏನಾಯಿತು? ಅದರ ಪಟ್ಟಿಯ ಹಿಂದೆ ಬಿ-12 ಎಂದು ಬರೆದದ್ದು 15 ಮೈಕ್ರೋಗ್ರಾಂ. ಕರುಳಿನ ವಾಹಕದ ದಾರಿ ಅರ್ಧ ಮುಚ್ಚಿದ್ದಾಗ ಅಷ್ಟು ಸಾಲುವುದಿಲ್ಲ. ವಾಹಕದ ಹಂಗಿಲ್ಲದ ಇನ್ನೊಂದು ದಾರಿಯಿದೆ, ಆದರೆ ಅದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ದಾಟುತ್ತದೆ. 15 ಮೈಕ್ರೋಗ್ರಾಂ ನುಂಗಿದರೆ ಆ ದಾರಿಯಲ್ಲಿ ಸಿಗುವುದು 0.15. 1000 ಮೈಕ್ರೋಗ್ರಾಂ ನುಂಗಿದರೆ ಸುಮಾರು 10, ಅಂದರೆ ದಿನದ ಅಗತ್ಯಕ್ಕಿಂತ ಸಾಕಷ್ಟು ಹೆಚ್ಚು. ಮೆಟ್‌ಫಾರ್ಮಿನ್ ಇದ್ದರೂ ದೊಡ್ಡ ಪ್ರಮಾಣದ ಗುಳಿಗೆ ಕೆಲಸ ಮಾಡುವುದು ಇದೇ ಲೆಕ್ಕದ ಮೇಲೆ. ಇಷ್ಟು ವರ್ಷ ಅಂಗಡಿ ನಡೆಸಿಯೂ ನಾನು ಮಿಲಿಗ್ರಾಂ, ಮೈಕ್ರೋಗ್ರಾಂ ಓದಿ ಕೊಟ್ಟವಳಲ್ಲ, 'ನರದ ಗುಳಿಗಿ' ಅಂತ ಕೊಟ್ಟವಳು.

ಅಕ್ಕನಿಗೆ ನರದ ತೊಂದರೆ ಆಗಲೇ ಬಂದಿದ್ದರಿಂದ ಇಂಜೆಕ್ಷನ್ನಿನಿಂದಲೇ ಶುರು ಮಾಡಿದರು. 1000 ಮೈಕ್ರೋಗ್ರಾಂ, ದಿನ ಬಿಟ್ಟು ದಿನ ಎರಡು ವಾರ. ಆಮೇಲೆ ವಾರಕ್ಕೊಂದರಂತೆ ಒಂದು ತಿಂಗಳು. ನಂತರ ದಿನಕ್ಕೊಂದು 1500 ಮೈಕ್ರೋಗ್ರಾಂ ಗುಳಿಗೆ. ವೈದ್ಯರಿಂದ ವೈದ್ಯರಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಜೋಮು ಇಲ್ಲದೆ ಬರೀ ಮಟ್ಟ ಕಡಿಮೆ ಇದ್ದವರಿಗೆ ಮೊದಲಿನಿಂದಲೇ ಗುಳಿಗೆ ಸಾಕಾಗಬಹುದು. ಮೆಟ್‌ಫಾರ್ಮಿನ್ ನಿಲ್ಲಿಸಲಿಲ್ಲ. 'ಇದೇ ಗುಳಿಗಿ ಕಾಲು ಕೆಡಸ್ಯಾದ, ಬಿಟ್ಟುಬಿಡ್ತೀನಿ' ಅಂತ ಅಕ್ಕ ಹಟ ಹಿಡಿದಿದ್ದಳು. ಶುಗರ್ ಏರಿದರೆ ಅದೇ ಪಾದ ಇನ್ನೊಂದು ಕಡೆಯಿಂದ ಕೆಡುತ್ತದೆ ಅಂತ ಹೇಳಿ ಒಪ್ಪಿಸಬೇಕಾಯಿತು.

ಇಷ್ಟು ಕೇಳಿ ಜೇವರ್ಗಿಯ ಸೋದರಮಾವ ತಾನೂ ಶುರುಮಾಡಿಬಿಟ್ಟ. ಅವನದೂ ಕಾಲು ಜೋಮು. ಪರೀಕ್ಷೆ ಇಲ್ಲದೆ ಯಾರೋ ಹೇಳಿದರೆಂದು ಹತ್ತು ಇಂಜೆಕ್ಷನ್ ಹಾಕಿಸಿಕೊಂಡು, ಆಮೇಲೆ ರಕ್ತ ಕೊಟ್ಟ. ಬಿ-12 ಯಂತ್ರದ ಅಳತೆ ಮೀರಿ 2000ದ ಮೇಲೆ ಬಂತು. ಮೊದಲು ಎಷ್ಟಿತ್ತು ಅಂತ ಈಗ ಯಾರಿಗೂ ಗೊತ್ತಾಗುವಂತಿಲ್ಲ. ರಕ್ತ ಮೊದಲು, ಇಂಜೆಕ್ಷನ್ ಆಮೇಲೆ ಅಂತ ಅಂಗಡಿಗೆ ಬಂದವರಿಗೆ ನಾನು ಹೇಳುವುದು ಇದಕ್ಕೇ. ಆರು ತಿಂಗಳಾದರೂ ಅವನ ಜೋಮು ಒಂದಿಷ್ಟೂ ಇಳಿಯಲಿಲ್ಲ. ಮೂರು ತಿಂಗಳ ಸಕ್ಕರೆ ಸರಾಸರಿ ನೋಡಿದರೆ ಶೇ 10ರ ಮೇಲೆ. ಅವನ ಪಾದ ಕೆಡಿಸಿದ್ದು ಬಹುಮಟ್ಟಿಗೆ ಶುಗರೇ ಅಂದರು ವೈದ್ಯರು.

ಮಾವ ಇನ್ನೊಂದು ಮಾತು ಹೇಳಿದ್ದ: 'ನಾ ಮೆಟ್‌ಫಾರ್ಮಿನ್ ತೊಗೊಳ್ಳಂಗೇ ಇಲ್ಲ.' ಪಟ್ಟಿ ತರಿಸಿ ನೋಡಿದೆ. ಗ್ಲಿಮೆಪಿರೈಡ್ ಹೆಸರಿನ ಮುಂದೆ ಒಂದು 'ಎಂ' ಅಕ್ಷರ, ಹಿಂದೆ ಸಣ್ಣ ಅಕ್ಷರದಲ್ಲಿ ಮೆಟ್‌ಫಾರ್ಮಿನ್ ಹೈಡ್ರೋಕ್ಲೋರೈಡ್ 500 ಮಿಲಿಗ್ರಾಂ! ದಿನಕ್ಕೆರಡು ಅಂದರೆ ಸಾವಿರ ಆಯಿತಲ್ಲ. ನಿಮ್ಮ ಮನೆಯ ಪಟ್ಟಿಯ ಹಿಂಭಾಗವನ್ನೂ ಒಮ್ಮೆ ಓದಿ, ಎಷ್ಟು ವರ್ಷದಿಂದ ಎಂದು ಲೆಕ್ಕ ಹಾಕಿ ವೈದ್ಯರಿಗೆ ಹೇಳಿ.

'ನರದ ಗುಳಿಗಿ' ಬಗ್ಗೆಯೂ ಒಂದು ಮಾತು. ಕೆಲವು ಗುಳಿಗೆಗಳಲ್ಲಿ ಬಿ-12 ಜೊತೆ ಪ್ರೀಗ್ಯಾಬಲಿನ್ ಇರುತ್ತದೆ. ಅದು ಉರಿ, ಚುಚ್ಚುವಿಕೆ ತಗ್ಗಿಸುತ್ತದೆ, ಸತ್ತ ಸ್ಪರ್ಶ ಮರಳಿಸುವುದಿಲ್ಲ. ನಿದ್ದೆ, ತಲೆಸುತ್ತು ತರುತ್ತದೆ, ಜೋಲಿ ಹೊಡೆಯುವವರಿಗೆ ಬೀಳುವ ಭಯ. ಕೆಲವದರಲ್ಲಿ ಬಿ-6 ಇರುತ್ತದೆ. ಎರಡು ಮೂರು ಬಗೆಯ ವಿಟಮಿನ್ ಗುಳಿಗೆ ಒಟ್ಟಿಗೆ ವರ್ಷಗಟ್ಟಲೆ ನುಂಗಿ ಬಿ-6 ಅತಿಯಾದರೆ ಅದರಿಂದಲೇ ಪಾದ ಜೋಮು ಹಿಡಿಯಬಹುದು.

ಅಕ್ಕನ ಸುಟ್ಟಗಾಯ ಮಾಯಲು ಐದು ವಾರ ಹಿಡಿಯಿತು. ಇಂಜೆಕ್ಷನ್ ಶುರುವಾದ ಮೂರನೇ ವಾರಕ್ಕೆ ದಣಿವು ಇಳಿಯಿತು. ಜೋಮು ಮೊದಲು ಇನ್ನೂ ಜಾಸ್ತಿಯಾದಂತೆ ಅನಿಸಿ ಹೆದರಿದ್ದಳು. ನರ ಚೇತರಿಸುವಾಗ ಕೆಲವರಿಗೆ ಹಾಗಾಗುತ್ತದಂತೆ. ನಾಲ್ಕನೇ ತಿಂಗಳಿಗೆ ಗೋಡೆ ಹಿಡಿಯದೆ ತಲೆಗೆ ನೀರು ಹಾಕಿಕೊಂಡಳು. ಒಂಬತ್ತು ತಿಂಗಳಾದ ಮೇಲೆ ಬಿ-12 ಮಟ್ಟ 640, ಕಡ್ಡಿಯ ನಡುಕ ಈಗ ಕೀಲಿನ ಗಂಟಿನಲ್ಲಿ ತಿಳಿಯುತ್ತದೆ. ಹೆಬ್ಬೆರಳಲ್ಲಿ ಇನ್ನೂ ಇಲ್ಲ. ಅದು ಬಾರದೆಯೂ ಇರಬಹುದು, ಬಹಳ ದಿನ ಕೆಟ್ಟ ನರ ಪೂರ್ತಿ ಮರಳುವುದಿಲ್ಲ ಅಂತ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮೆಟ್‌ಫಾರ್ಮಿನ್ ಇರುವವರೆಗೂ ಬಿ-12 ಗುಳಿಗೆ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ.

ಮೊನ್ನೆ ಆಳಂದಕ್ಕೆ ಬಂದಾಗ ನನ್ನ ಜೊತೆ ಲಾಡ್ಲೆ ಮಶಾಕ್ ದರ್ಗಾಕ್ಕೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಚೀಲದಿಂದ ದಪ್ಪನೆಯ ಕಾಲುಚೀಲ ತೆಗೆದು ಹಾಕಿಕೊಂಡಳು. ಒಳಗೆ ಕಾಲಿಡುವ ಮೊದಲು ಬಗ್ಗಿ ಕೈಯಿಂದ ಕಲ್ಲು ಮುಟ್ಟಿ ನೋಡಿ, 'ಈಗ ನಡಿ, ಭಾಳ ಸುಡಂಗಿಲ್ಲ' ಅಂದಳು.