ನೆಲದೊಳಗಿನಿಂದ ಕಂಡ ಕುರ್ಚಿ

ಖಾಲಿ ಹಾಲ್‌ನ ಫೋಟೊದಲ್ಲಿ ತೇಗದ ಕುರ್ಚಿಯೊಂದನ್ನು ತಂದು ಕೂರಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ನೆಲಕ್ಕೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಹಾಸಿದೆ. ಪ್ರತಿಬಿಂಬವಿಲ್ಲದಿದ್ದರೆ ಕುರ್ಚಿ ತೇಲುತ್ತಿರುವಂತೆ ಕಾಣುತ್ತದೆ. ಆಗ ಹೆಚ್ಚಿನವರು ಕುರ್ಚಿಯ ಲೇಯರನ್ನು ನಕಲು ಮಾಡಿ, ಫೋಟೊಶಾಪ್‌ನಲ್ಲಿ Flip Vertical ಕೊಟ್ಟು, ಕೆಳಗೆ ಜೋಡಿಸಿ ಮಸುಕು ಮಾಡುತ್ತಾರೆ. ಕ್ಯಾಮೆರಾ ನೆಲಕ್ಕೆ ತಾಗಿದಂತಿದ್ದರೆ ಇಷ್ಟು ಸಾಕು. ನಿಂತು ತೆಗೆದ ಫೋಟೊಗೆ ಸಾಲದು.

ಮೊದಲ ತೊಂದರೆ ಕಾಲುಗಳದ್ದು. ಮೇಲಿನಿಂದ ನೋಡಿದಾಗ ಹಿಂಗಾಲುಗಳ ಬುಡ ಮುಂಗಾಲುಗಳ ಬುಡಕ್ಕಿಂತ ಚಿತ್ರದಲ್ಲಿ ಮೇಲಿರುತ್ತದೆ. ಅಂತರ 60 ಪಿಕ್ಸೆಲ್ ಎನ್ನೋಣ. ಮುಂಗಾಲಿಗೆ ಸರಿಯಾಗಿ ಮಗುಚಿದರೆ ಹಿಂಗಾಲಿನ ಪ್ರತಿಬಿಂಬ ತನ್ನ ಬುಡದಿಂದ 120 ಪಿಕ್ಸೆಲ್ ಕೆಳಗೆ ಹೋಗಿ ನಿಲ್ಲುತ್ತದೆ. ಪ್ರತಿಯೊಂದು ಕಾಲೂ ತಾನು ನೆಲ ಮುಟ್ಟಿದ ಜಾಗದಲ್ಲೇ ತನ್ನ ಬಿಂಬವನ್ನು ಸೇರಬೇಕು. ಆದ್ದರಿಂದ ಕಾಲುಗಳನ್ನು ಬೇರೆ ಬೇರೆ ಕತ್ತರಿಸಿ, ಒಂದೊಂದನ್ನೂ ಅದರದರ ಬುಡಕ್ಕೆ ಕೂಡಿಸಬೇಕು.

ಎರಡನೆಯದು ಇನ್ನೂ ಆಳದ್ದು. ಕ್ಯಾಮೆರಾ ನೆಲದಿಂದ ಎಷ್ಟು ಮೇಲಿದೆಯೋ ಅಷ್ಟೇ ಕೆಳಗೆ, ನೆಲದೊಳಗೆ, ಇನ್ನೊಂದು ಕ್ಯಾಮೆರಾ ಇದ್ದಿದ್ದರೆ ಅದಕ್ಕೆ ಕಾಣುತ್ತಿದ್ದದ್ದೇ ಪ್ರತಿಬಿಂಬ. ಅಂದರೆ ಅಲ್ಲಿ ಕಾಣಬೇಕಾದದ್ದು ಸೀಟಿನ ಮೇಲ್ಮೈಯಲ್ಲ, ಅಡಿಭಾಗ. ಅದು ನಮ್ಮ ಫೋಟೊದಲ್ಲಿ ಇಲ್ಲವೇ ಇಲ್ಲ. ಎಷ್ಟು ಮಗುಚಿದರೂ ಸಿಗುವುದಿಲ್ಲ. ಕುರ್ಚಿ ಕೈಯಲ್ಲಿದ್ದರೆ ಒಳ್ಳೆಯ ಉಪಾಯವಿದೆ. ಅದನ್ನು ತಲೆಕೆಳಗಾಗಿ ನಿಲ್ಲಿಸಿ, ಮೊದಲು ಕ್ಯಾಮೆರಾ ನೆಲದಿಂದ ಎಷ್ಟು ಎತ್ತರವಿತ್ತೋ ಈಗ ಕಾಲಿನ ತುದಿಗಳಿಂದ ಅಷ್ಟೇ ಎತ್ತರದಲ್ಲಿಟ್ಟು, ಅಷ್ಟೇ ದೂರದಿಂದ ಕ್ಲಿಕ್ಕಿಸಿ. ಎಡ-ಬಲ ಒಂದೇ ತೆರನಾದ ಕುರ್ಚಿಗೆ ಈ ಚಿತ್ರವೇ ಪ್ರತಿಬಿಂಬ. ಒಂದೇ ತಿದ್ದುಪಡಿ ಬೇಕು: ತಿರುಗಿಸಿಟ್ಟಾಗ ಅಡಿಭಾಗದ ಮೇಲೆ ಬೆಳಕು ಬಿದ್ದಿರುತ್ತದೆ, ಅದನ್ನು ಕಪ್ಪಾಗಿಸಿ. ಕುರ್ಚಿ ಸಿಗದಿದ್ದರೆ ಸೀಟಿನ ಜಾಗಕ್ಕೆ ಗಾಢ ಕಂದು ಬಣ್ಣ ತುಂಬಿದರೂ ಮೇಲ್ಮೈಯನ್ನು ತೋರಿಸುವುದಕ್ಕಿಂತ ಎಷ್ಟೋ ವಾಸಿ.

ಬಿಂಬ ಎಷ್ಟು ಗಾಢವಾಗಿರಬೇಕು ಎಂಬುದಕ್ಕೆ ಸಿದ್ಧ ಸಂಖ್ಯೆಯನ್ನು ನಂಬಬೇಡಿ, ಅದೇ ಫೋಟೊವನ್ನು ಕೇಳಿ. ನೆಲದಲ್ಲಿ ಬಾಗಿಲ ಚೌಕಟ್ಟಿನ ಬಿಂಬ ಎಷ್ಟು ಮಂಕಾಗಿದೆ, ಮೇಲಕ್ಕೆ ಹೋದಂತೆ ಎಷ್ಟು ಕದಡಿದೆ ಎಂದು ಹಿಗ್ಗಿಸಿ ನೋಡಿ, ಅದಕ್ಕೆ ಹೊಂದಿಸಿ. ಪಾಲಿಶ್ ಪೂರ್ತಿ ಕನ್ನಡಿಯಂತೆ ಇಲ್ಲದಿದ್ದರೆ ಕಾಲಿನ ಬುಡದ ಬಿಂಬ ಚೂಪಾಗಿಯೂ ಬೆನ್ನೊರಗಿನ ಬಿಂಬ ಮಬ್ಬಾಗಿಯೂ ಇರುತ್ತದೆ. ಹಾಗಾಗಿ ಬ್ಲರ್ ಎಲ್ಲೆಡೆ ಒಂದೇ ಸಮ ಇರಬಾರದು.

ಹಲವರ ಕಣ್ಣು ತಪ್ಪಿಸುವುದು ಕಿಟಕಿ. ಅದರ ಬೆಳಕು ನೆಲದ ಮೇಲೆ ಬಿಳಿ ಪಟ್ಟಿಯಾಗಿ ಹೊಳೆಯುತ್ತಿದ್ದರೆ, ಕುರ್ಚಿಯ ಬಿಂಬ ಅದರ ಮೇಲೆ ಬಿದ್ದಲ್ಲಿ ಆ ಹೊಳಪು ಮರೆಯಾಗಬೇಕು. ಕುರ್ಚಿ ಈಗ ಕಿಟಕಿಗೆ ಅಡ್ಡ ಬಂದಿದೆಯಲ್ಲ. ಬಿಂಬದ ಲೇಯರಿಗೆ Screen ಕೊಟ್ಟರೆ ಬೆಳಕು ಕೂಡುತ್ತದೆಯೇ ಹೊರತು ಹೊಳಪು ಅಳಿಯುವುದಿಲ್ಲ. ಆ ಪಟ್ಟಿಯನ್ನು ಮೊದಲು ಬಿಂಬದ ಆಕಾರದಲ್ಲಿ ಕಪ್ಪಾಗಿಸಿ, ಆಮೇಲೆ ಬಿಂಬವನ್ನು ಸೇರಿಸಬೇಕು. ಗ್ರಾನೈಟಿನ ಜೋಡಣೆಯ ಗೆರೆಗಳು ಮಾತ್ರ ಎರಡರ ನಡುವೆಯೂ ಕಾಣುತ್ತಲೇ ಇರಬೇಕು, ಅವು ನೆಲದ ಮೇಲಿವೆ.